ಕಿವಿಯೊಳಗೆ ಹುಳ: ಮೊದಲು ಸುಮ್ಮನಾಗಿಸಿ, ತೆಗೆಯೋದು ಆಮೇಲೆ

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಆಫೀಸರ್. ಪ್ರತಿ ವರ್ಷ ಮುಂಗಾರಿಗೆ ಮುಂಚಿನ ಮಳೆ ಬಿದ್ದ ಕೂಡಲೇ ಕಿವಿಯಲ್ಲಿ ಹುಳ ಹೊಕ್ಕವರು ಬರಲು ಶುರುವಾಗುತ್ತಾರೆ. ಅವರಲ್ಲಿ ಒಬ್ಬರ ಕಥೆಯನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬದಲಿಸಿದ್ದೇನೆ, ಊರಿನ ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಇದೇ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣ ಇದೆ. ಮನೆಯಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪುಗಳೂ ಸರಿಗಳೂ ಎರಡೂ ಒಂದೇ ರಾತ್ರಿಯಲ್ಲಿ, ಒಂದೇ ಕಿವಿಯಲ್ಲಿ ನಡೆದುಹೋದವು.

ಅವತ್ತು ಸಂಜೆ

ಶಾಂತಕ್ಕನಿಗೆ ಸುಮಾರು 40 ವರ್ಷ. ಮಲೆನಾಡಿನ ಅಂಚಿನ ಹಳ್ಳಿ, ಅಡಿಕೆ ತೋಟದ ಪಕ್ಕದ ಮನೆ. ಮೇ ತಿಂಗಳು. ಸಂಜೆ ಒಂದು ಜೋರು ಮಳೆ ಬಂದು ನಿಂತಿತ್ತು. ಮರುದಿನ ಹಪ್ಪಳ ಮಾಡಬೇಕೆಂದು ಅತ್ತೆ, ಸೊಸೆ ಇಬ್ಬರೂ ಜಗಲಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ಹಲಸಿನ ತೊಳೆ ಬಿಡಿಸುತ್ತಿದ್ದರು. ಮಳೆ ನಿಂತ ಮೇಲೆ ದೀಪಕ್ಕೆ ಹುಳ ಮುತ್ತುವುದು ಅಲ್ಲಿ ಹೊಸದೇನಲ್ಲ. ರೆಕ್ಕೆ ಬಂದ ಗೆದ್ದಲು, ಸಣ್ಣ ಪತಂಗ, ಗಟ್ಟಿ ಚಿಪ್ಪಿನ ಕಂದು ದುಂಬಿಗಳು, ಎಲ್ಲವೂ ಒಟ್ಟಿಗೆ ಬರುತ್ತವೆ. ಕೈಯೆಲ್ಲ ಹಲಸಿನ ಮೇಣ, ಎಣ್ಣೆ. ಮುಖಕ್ಕೆ ಬಡಿದ ಹುಳವನ್ನು ಓಡಿಸಲೂ ಆಗುವುದಿಲ್ಲ.

ರಾತ್ರಿ ಎಂಟೂಕಾಲರ ಸುಮಾರಿಗೆ ಶಾಂತಕ್ಕ ಕೂಗಿಕೊಂಡು ಎದ್ದರು. ಬಲಗಿವಿಯೊಳಗೆ ಏನೋ ಹೊಕ್ಕಿತ್ತು. ಆಮೇಲೆ ಅವರು ನನಗೆ ಹೇಳಿದ್ದು ಹೀಗೆ: "ಗುಂಯ್ ಅನ್ನೋ ಸದ್ದು ಹೊರಗಿಂದ ಬಂದ ಹಾಗಿರಲಿಲ್ಲ ಸಿಸ್ಟರ್, ತಲೆ ಒಳಗೇ ಡೋಲು ಬಡೀತಿರೋ ಹಾಗಿತ್ತು. ಮಧ್ಯೆ ಮಧ್ಯೆ ಪರಚಿದ ಹಾಗೆ ಚುರ್ ಅನ್ನೋದು."

ಹುಳ ಇಷ್ಟೇ ಇಷ್ಟು, ನೋವು ಯಾಕೆ ಅಷ್ಟು ಅಂತ ಕೇಳಬಹುದು. ದೊಡ್ಡವರ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಹೊರಗಿನ ಮೂರನೇ ಒಂದು ಪಾಲು ಮೆತ್ತನೆಯದು. ಅಲ್ಲಿ ಕೂದಲು, ಗುಗ್ಗೆ ಎಲ್ಲ ಇರುತ್ತದೆ. ಒಳಗಿನ ಪಾಲು ಎಲುಬಿನದು. ಆ ಎಲುಬಿಗೆ ಅಂಟಿಕೊಂಡ ಚರ್ಮ ತುಂಬಾ ತೆಳು, ಕೆಳಗೆ ಮೆತ್ತೆ ಅನ್ನುವುದೇ ಇಲ್ಲ. ಅಲ್ಲಿ ಹುಳದ ಕಾಲಿನ ಮುಳ್ಳು ತಾಗಿದರೂ ಜೀವ ಹೋಗುತ್ತದೆ. ಇನ್ನೂ ಒಳಗೆ ಹೋದರೆ ತಮಟೆ. ಅದರ ಮೇಲೆ ಹುಳ ರೆಕ್ಕೆ ಬಡಿದರೆ ಆ ಸದ್ದು ನೇರವಾಗಿ ಒಳಗಿವಿಗೇ ಹೋಗುತ್ತದೆ. ಹಾಗಾಗಿ ಶಾಂತಕ್ಕ ನೋವನ್ನು ದೊಡ್ಡದು ಮಾಡಿ ಹೇಳುತ್ತಿದ್ದಾರೆ ಎಂದು ಮನೆಯವರು ಅಂದುಕೊಂಡಿದ್ದರೆ ಅದು ತಪ್ಪಾಗುತ್ತಿತ್ತು. ಆ ಮನೆಯಲ್ಲಿ ಯಾರೂ ಹಾಗೆ ಅಂದುಕೊಳ್ಳಲಿಲ್ಲ, ಅಷ್ಟು ಒಳ್ಳೆಯದಾಯಿತು.

ಹೊಕ್ಕ ಹುಳ ತಾನಾಗಿ ಯಾಕೆ ಹಿಂದೆ ಬರುವುದಿಲ್ಲ? ನಾಳ ಇಕ್ಕಟ್ಟು, ಸ್ವಲ್ಪ ಡೊಂಕು. ಗಟ್ಟಿ ಮೈಯ ಹುಳಕ್ಕೆ ಅಲ್ಲಿ ತಿರುಗಲು ಜಾಗ ಇರುವುದಿಲ್ಲ. ಹಿಂದೆ ಹೆಜ್ಜೆ ಇಡೋಣ ಎಂದರೆ ಗುಗ್ಗೆ ಅಂಟುತ್ತದೆ, ಕಾಲಿನ ಮುಳ್ಳು ಚರ್ಮಕ್ಕೆ ಸಿಕ್ಕಿಕೊಳ್ಳುತ್ತದೆ. ಉಳಿದ ದಾರಿ ಮುಂದೆ ಮಾತ್ರ.

ಮೊದಲ ಅರ್ಧ ಗಂಟೆ

ಮೊದಲು ಶಾಂತಕ್ಕ ಕಿವಿಗೆ ತಾವೇ ಜೋರಾಗಿ ಅಂಗೈಯಿಂದ ಬಡಿದುಕೊಂಡರು. ಇದು ಯಾರಿಗಾದರೂ ತಕ್ಷಣ ತೋಚುವ ಕೆಲಸ. ಆದರೆ ಅಂಗೈ ಕಿವಿಯನ್ನು ಮುಚ್ಚಿ ಬಡಿದಾಗ ಒಳಗಿನ ಗಾಳಿ ತಮಟೆಯ ಕಡೆಗೆ ನುಗ್ಗುತ್ತದೆ. ಹುಳಕ್ಕೆ ಏನೂ ಆಗುವುದಿಲ್ಲ, ಏಟು ಜೋರಾಗಿದ್ದರೆ ತಮಟೆ ಹರಿಯಬಹುದು.

ಆಮೇಲೆ ಗಂಡ ಓಡಿಬಂದು ಹೆಂಡತಿಯ ಮುಡಿಯಲ್ಲಿದ್ದ ಹೇರ್‌ಪಿನ್ನನ್ನೇ ಕಿತ್ತು ಕಿವಿಗೆ ಹಾಕಿದರು. ಮಗ ಮೊಬೈಲ್ ಟಾರ್ಚ್ ಹಿಡಿದ. ಹುಳದ ಹಿಂಭಾಗ ಕಂದಾಗಿ ಹೊಳೆದದ್ದು ಇಬ್ಬರಿಗೂ ಕಂಡಿತಂತೆ. ಕಂಡಿತು ಅನ್ನುವುದೇ ಇಲ್ಲಿ ಅಪಾಯ. ಕಣ್ಣಿಗೆ ಕಂಡರೆ ಕೈಗೂ ಸಿಗುತ್ತದೆ ಅನ್ನಿಸುತ್ತದೆ. ಒಂದೇ ಕಣ್ಣಿನಿಂದ, ಅಷ್ಟು ಕಿರಿದಾದ ತೂತಿನಲ್ಲಿ ಇಣುಕುವಾಗ ಆಳ ಗೊತ್ತಾಗುವುದಿಲ್ಲ. ಪಿನ್ನಿನ ತುದಿ ಹುಳಕ್ಕೆ ತಾಗಿದ್ದೇ ತಡ, ಅದು ಇನ್ನೂ ಮುಂದಕ್ಕೆ ನುಗ್ಗಿತು. ಶಾಂತಕ್ಕ ಮುಖ ಸರ್ರನೆ ತಿರುಗಿಸಿದರು. ಪಿನ್ನು ನಾಳದ ಗೋಡೆಗೆ ಗೀರಿತು.

ಈ ಗಳಿಗೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಹುಳ ಕಿವಿಯಲ್ಲಿ ಜೀವಂತ ಇದ್ದಾಗ ಯಾರೂ ತಲೆಯನ್ನು ಅಲ್ಲಾಡಿಸದೆ ಇರಲಾರರು. ಅದು ಒಮ್ಮೆ ಒದ್ದರೆ ತಲೆ ತಾನಾಗಿ ಹಾರುತ್ತದೆ. ಅಂಥ ಕಿವಿಗೆ ಪಿನ್ನು, ಬೆಂಕಿಕಡ್ಡಿ, ಇಯರ್ ಬಡ್, ಚಿಮುಟ ಯಾವುದನ್ನು ಹಾಕಿದರೂ ಅದರ ತುದಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಹಾಕಿದವರ ಕೈಯಲ್ಲಿ ಇರುವುದಿಲ್ಲ. ನಮ್ಮ ಆಸ್ಪತ್ರೆಗೆ ಬಂದವರಲ್ಲಿ ನಾನು ನೋಡಿದ ದೊಡ್ಡ ಗಾಯಗಳು ಹುಳದಿಂದ ಆದವಲ್ಲ, ತೆಗೆಯಲು ಹೋದ ಕೈಯಿಂದ ಆದವು.

ಮಗ ಅಪ್ಪನ ಕೈ ಹಿಡಿದು ನಿಲ್ಲಿಸಿದ. ಇದು ಮೊದಲ ತಿರುವು. ಆಮೇಲೆ ಅವನೇ ಇನ್ನೊಂದು ಪ್ರಯೋಗ ಮಾಡಿದ. ಮನೆಯ ದೀಪ ಎಲ್ಲ ಆರಿಸಿ, ಕಿವಿಗೆ ಮಾತ್ರ ಟಾರ್ಚ್ ಬಿಟ್ಟ. ಬೆಳಕಿಗೆ ಬರುವ ಹುಳ ಬೆಳಕು ಕಂಡರೆ ಹೊರಗೆ ಬರುತ್ತದೆ ಅನ್ನುವ ಲೆಕ್ಕ. ಇದು ಪೂರ್ತಿ ತಪ್ಪು ಲೆಕ್ಕವಲ್ಲ. ಹುಳ ಈಗಷ್ಟೇ ಹೊಕ್ಕು ಇನ್ನೂ ಬಾಗಿಲಲ್ಲೇ ಇದ್ದರೆ, ಮೆತ್ತಗಿನ ಸಣ್ಣ ಪತಂಗವಾಗಿದ್ದರೆ ಕೆಲವೊಮ್ಮೆ ಬರುತ್ತದೆ. ಆದರೆ ಜಿರಳೆ ಬೆಳಕನ್ನು ಕಂಡರೆ ಓಡುವ ಪ್ರಾಣಿ, ಅದು ಇನ್ನೂ ಒಳಗೆ ಹೋಗಲು ನೋಡುತ್ತದೆ. ಶಾಂತಕ್ಕನ ಕಿವಿಯಲ್ಲಿದ್ದ ದುಂಬಿಗೆ ತಿರುಗಲೇ ಜಾಗ ಇರಲಿಲ್ಲ. ಬೆಳಕು ಬಿಟ್ಟಷ್ಟೂ ಒದ್ದಾಟ ಜಾಸ್ತಿಯಾಯಿತು. ಒಂದು ನಿಮಿಷ ನೋಡಿ, ಒದ್ದಾಟ ಹೆಚ್ಚಾದರೆ ಟಾರ್ಚ್ ಆರಿಸಿಬಿಡಬೇಕು. ಹುಡುಗ ಹಾಗೇ ಮಾಡಿದ.

ಅಷ್ಟರಲ್ಲಿ ಅತ್ತೆ ಒಲೆಯ ಮೇಲೆ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಇಟ್ಟು ಬೆಳ್ಳುಳ್ಳಿ ಹಾಕಿದ್ದರು. ಪಕ್ಕದ ಮನೆಯವರೊಬ್ಬರು ಉಪ್ಪುನೀರು ಹಾಕಿ ಎಂದರು. ಇನ್ನೊಬ್ಬರು ಬೀಡಿ ಹೊಗೆ ಊದಿ ಎಂದರು. ತುಂಬೆ ಸೊಪ್ಪಿನ ರಸದ ಮಾತೂ ಬಂತು. ಎಲ್ಲರ ಅವಸರದ ಹಿಂದೆ ಇದ್ದದ್ದು ಒಂದೇ ಭಯ: ಹುಳ ಮಿದುಳಿಗೆ ಹೋಗಿಬಿಟ್ಟರೆ? ಆಗಲೇ ಮಗ ನನಗೆ ಫೋನ್ ಮಾಡಿದ್ದು. ಅವನ ಅಕ್ಕನ ಮಗುವಿಗೆ ಲಸಿಕೆ ಹಾಕಿಸುವಾಗ ನನ್ನ ನಂಬರ್ ತೆಗೆದುಕೊಂಡಿದ್ದ.

ಫೋನಿನಲ್ಲಿ ಕೇಳಿದ್ದು

ನಾನು ಮೊದಲು ಹೇಳಿದ್ದು ಆ ಭಯದ ಬಗ್ಗೆಯೇ. "ತಮ್ಮಾ, ಕಿವಿಯ ಕೊನೆಯಲ್ಲಿ ತಮಟೆ ಅಂತ ಪರದೆ ಇದೆ. ಅದು ಗಟ್ಟಿ ಇದ್ದರೆ ಹುಳ ಅದನ್ನ ದಾಟಿ ಹೋಗಲ್ಲ. ಮಿದುಳಿಗೆ ಹೋಗೋ ದಾರಿನೇ ಅಲ್ಲ ಅದು. ಅಜ್ಜಿಗೂ ಹೇಳು." ಫೋನ್ ಸ್ಪೀಕರಿನಲ್ಲಿತ್ತು. ಆ ಕಡೆ ಗಲಾಟೆ ಸ್ವಲ್ಪ ತಗ್ಗಿತು. ಮನೆಯವರ ಅವಸರ ತಗ್ಗದೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಆಗುವುದಿಲ್ಲ.

ಆಮೇಲೆ ಕೆಲವು ಪ್ರಶ್ನೆ ಕೇಳಿದೆ. ಹುಳ ಈಗಲೂ ಆಡುತ್ತಿದೆಯಾ? ಆಡುತ್ತಿದೆ. ಅಮ್ಮನಿಗೆ ಮುಂಚೆ ಯಾವಾಗಾದರೂ ಕಿವಿ ಸೋರಿತ್ತಾ, ತಮಟೆಯಲ್ಲಿ ತೂತು ಇದೆ ಎಂದು ಯಾರಾದರೂ ಹೇಳಿದ್ದರಾ, ಕಿವಿಗೆ ಆಪರೇಷನ್ ಆಗಿತ್ತಾ? ಯಾವುದೂ ಇಲ್ಲ. ಪಿನ್ನಿನ ತುದಿಯಲ್ಲಿ ರಕ್ತ ಇದೆಯಾ, ಕಿವಿಯಿಂದ ರಕ್ತವೋ ನೀರೋ ಬರುತ್ತಿದೆಯಾ? ಇಲ್ಲ. ತಲೆ ಸುತ್ತುತ್ತಿದೆಯಾ, ವಾಂತಿ ಬಂದ ಹಾಗಿದೆಯಾ? ಇಲ್ಲ. ಪಿನ್ನು ತಾಗಿದ ಗಳಿಗೆಯಲ್ಲಿ ಕಿವಿ ಏಕಾಏಕಿ ಕೇಳದ ಹಾಗಾಯಿತಾ? ಇಲ್ಲ, ಗುಂಯ್ ಸದ್ದಿನ ನಡುವೆಯೂ ಮಾತು ಕೇಳುತ್ತಿದೆ.

ಈ ಪ್ರಶ್ನೆಗಳು ಸುಮ್ನೆ ಕೇಳಿದ್ದಲ್ಲ. ಮುಂದೆ ಎಣ್ಣೆ ಹಾಕಬಹುದೋ ಬೇಡವೋ ಅನ್ನುವುದು ಇವುಗಳ ಮೇಲೇ ನಿಂತಿದೆ. ತಮಟೆಯಲ್ಲಿ ತೂತು ಇದ್ದರೆ ಕಿವಿಗೆ ಹಾಕಿದ ಎಣ್ಣೆ ನಡುಗಿವಿಗೆ ಇಳಿಯುತ್ತದೆ. ಅಲ್ಲಿ ಸೋಂಕು, ನೋವು, ತಲೆಸುತ್ತು ಆಗಬಹುದು. ಕಿವಿ ಸೋರುವ ಕಾಯಿಲೆ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಎಷ್ಟೋ ಜನ ಅದನ್ನು ಕಾಯಿಲೆ ಅಂತಲೇ ಎಣಿಸುವುದಿಲ್ಲ. ಅದಕ್ಕೆ "ಕಿವಿ ಚೆನ್ನಾಗಿದೆಯಾ" ಅಂತ ಕೇಳಿದರೆ ಸಾಲದು. "ಶೀತ ಆದಾಗ ಕಿವಿಯಿಂದ ಕೀವು ಬರುತ್ತಿತ್ತಾ, ದಿಂಬಿಗೆ ಅಂಟುತ್ತಿತ್ತಾ" ಅಂತ ಬಿಡಿಸಿ ಕೇಳಬೇಕು. ಶಾಂತಕ್ಕನ ಉತ್ತರಗಳಲ್ಲಿ ಒಂದಾದರೂ ಹೌದು ಎಂದು ಬಂದಿದ್ದರೆ, ಎಣ್ಣೆ ಬೇಡ, ಏನನ್ನೂ ಹಾಕಬೇಡಿ, ಗಾಡಿ ಹತ್ತಿ ಎಂದು ಹೇಳುತ್ತಿದ್ದೆ. ರಾತ್ರಿಯಾದರೂ ಸರಿ, ನೋವು ಸಹಿಸಿಕೊಂಡಾದರೂ ಸರಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಒಳಗಿರುವುದು ಹುಳವೇ ಅನ್ನುವುದು ಖಾತ್ರಿಯಾ? ಹಾರಿ ಬಂದದ್ದು, ಆಡುತ್ತಿರುವುದು, ಕಣ್ಣಿಗೆ ಕಂಡದ್ದು, ಮೂರೂ ಹೊಂದಿತು. ಮಕ್ಕಳ ಕಿವಿಯಲ್ಲಿ ಕೆಲವೊಮ್ಮೆ ಇರುವುದು ಕಾಳು, ಮಣಿ ಅಥವಾ ಆಟಿಕೆಯ ಗುಂಡಿ ಬ್ಯಾಟರಿ. ಬ್ಯಾಟರಿಯಿದ್ದರೆ ಯಾವ ದ್ರವವನ್ನೂ ಹಾಕದೆ, ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಓಡಬೇಕು. ಅದು ಚರ್ಮವನ್ನೇ ಸುಡುತ್ತದೆ.

ಅವರ ಮನೆಯಿಂದ ಆಸ್ಪತ್ರೆಗೆ ಮಳೆಯಲ್ಲಿ ತಿರುವು ದಾರಿ. ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಡಲು ಗಂಡ ಸಿದ್ಧರಿದ್ದರು. ನೋವಿಗೆ ತಲೆ ಕೊಡವುತ್ತಿರುವವರನ್ನು ಆ ದಾರಿಯಲ್ಲಿ ಬೈಕಿನಲ್ಲಿ ಕರೆದುಕೊಂಡು ಬರುವುದು ಕಿವಿಯ ಹುಳಕ್ಕಿಂತ ದೊಡ್ಡ ಅಪಾಯ ಅಂತ ನನಗೆ ಅನ್ನಿಸಿತು. ಹಾಗಾಗಿ ಮೊದಲು ಹುಳವನ್ನು ಸುಮ್ಮನಾಗಿಸೋಣ, ತೆಗೆಯುವುದನ್ನು ಬೆಳಿಗ್ಗೆ ಡಾಕ್ಟರಿಗೆ ಬಿಡೋಣ ಎಂದು ತೀರ್ಮಾನಿಸಿದೆವು. ಇವು ಎರಡೂ ಬೇರೆ ಬೇರೆ ಕೆಲಸ. ಮನೆಯವರು ಎರಡನ್ನೂ ಒಂದೇ ಅಂದುಕೊಂಡಿದ್ದರಿಂದಲೇ ಪಿನ್ನು ಕೈಗೆ ಬಂದದ್ದು. ಒದ್ದಾಟ ನಿಂತರೆ ನೋವಿನ ಬಹುಪಾಲು ಹೋಗುತ್ತದೆ. ಸತ್ತ ಹುಳ ಒಂದು ರಾತ್ರಿ ಒಳಗಿದ್ದರೆ ದೊಡ್ಡ ನಷ್ಟವಿಲ್ಲ.

ಎಣ್ಣೆ ಹಾಕಿದ್ದು

ಒಲೆಯ ಮೇಲಿನ ಸೌಟನ್ನು ಇಳಿಸಿ ಪಕ್ಕಕ್ಕಿಡಲು ಹೇಳಿದೆ. ಅದು ಹೊಗೆಯಾಡುವಷ್ಟು ಕಾದಿತ್ತು. ಬೆಳ್ಳುಳ್ಳಿಯ ಚೂರುಗಳು ಕಿವಿಗೆ ಹೋದರೆ ಇನ್ನೊಂದು ಕಸ. ಬಾಟಲಿಯ ಹೊಸ ಕೊಬ್ಬರಿ ಎಣ್ಣೆ ತೆಗೆದುಕೊಂಡರು. ಮೇ ತಿಂಗಳಾದ್ದರಿಂದ ಅದು ತೆಳುವಾಗೇ ಇತ್ತು. ಚಳಿಗಾಲದಲ್ಲಿ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿಕೊಳ್ಳಬೇಕು, ಒಲೆಯ ಮೇಲೆ ಅಲ್ಲ.

ಎಣ್ಣೆ ಎಷ್ಟು ಬೆಚ್ಚಗಿರಬೇಕು? ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಮೈಯ ಶಾಖಕ್ಕೆ ಸಮ ಇರಬೇಕು. ನಾಳಕ್ಕೆ ಹತ್ತಿರದಲ್ಲೇ, ಎಲುಬಿನ ಆಚೆ, ಮೈಯ ಸಮತೋಲನ ನೋಡಿಕೊಳ್ಳುವ ಅಂಗ ಇದೆ. ತಣ್ಣನೆಯದೋ ಬಿಸಿಯದೋ ನಾಳಕ್ಕೆ ತುಂಬಿದರೆ ಅದಕ್ಕೆ ಗೊಂದಲವಾಗುತ್ತದೆ. ಮನೆ ಗಿರ್ರನೆ ತಿರುಗಿದ ಹಾಗಾಗಿ ವಾಂತಿಯಾಗುತ್ತದೆ. ಆಗ ಅದು ಎಣ್ಣೆಯ ಶಾಖದಿಂದ ಆದದ್ದೋ, ಪಿನ್ನಿನಿಂದ ಒಳಗೆ ಏನಾದರೂ ಆಗಿದೆಯೋ ಗೊತ್ತಾಗುವುದಿಲ್ಲ.

ಮಗುವಿನ ವಿಟಮಿನ್ ಹನಿಯ ಜೊತೆ ಬಂದ ಡ್ರಾಪರ್ ಮನೆಯಲ್ಲಿತ್ತು. ಅದನ್ನು ತೊಳೆದು ಒರೆಸಿಕೊಂಡರು. 1 ಮಿಲಿಯ ಗೆರೆ ಇತ್ತು. ದೊಡ್ಡವರ ಕಿವಿಯ ನಾಳ ತುಂಬಲು ಹೆಚ್ಚು ಕಡಿಮೆ ಅಷ್ಟೇ ಸಾಕು.

ಶಾಂತಕ್ಕನನ್ನು ಎಡಮಗ್ಗುಲಿಗೆ ಮಲಗಿಸಿದರು, ಹುಳ ಇರುವ ಕಿವಿ ಮೇಲಕ್ಕೆ ಬರುವ ಹಾಗೆ. ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹಿಡಿಯಲು ಹೇಳಿದೆ. ದೊಡ್ಡವರಲ್ಲಿ ಹಾಗೆ ಎಳೆದರೆ ಡೊಂಕಾದ ನಾಳ ನೇರವಾಗುತ್ತದೆ. ಆಮೇಲೆ ಎಣ್ಣೆಯನ್ನು ತೂತಿನ ನಡುವಿಗೆ ಸುರಿಯದೆ, ನಾಳದ ಒಂದು ಗೋಡೆಗೆ ತಾಗಿಸಿ ಹನಿಹನಿಯಾಗಿ ಬಿಡಬೇಕು. ಒಂದೇ ಸಲಕ್ಕೆ ಸುರಿದರೆ ಎಣ್ಣೆ ಬಾಯಿ ಮುಚ್ಚುತ್ತದೆ, ಒಳಗೆ ಗಾಳಿಯ ಗುಳ್ಳೆ ಉಳಿಯುತ್ತದೆ. ಆ ಗುಳ್ಳೆಯಲ್ಲೇ ಹುಳ ಎಷ್ಟೋ ಹೊತ್ತು ಬದುಕಿರುತ್ತದೆ.

ನೀರು ಯಾಕೆ ಬೇಡ, ಎಣ್ಣೆಯೇ ಯಾಕೆ ಎಂದು ಹುಡುಗ ಕೇಳಿದ. ಹುಳಗಳು ಮೂಗಿನಿಂದ ಉಸಿರಾಡುವುದಿಲ್ಲ. ಅವುಗಳ ಮೈಯ ಪಕ್ಕದಲ್ಲಿ ಸಾಲಾಗಿ ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೈಗೆ ನೀರು ಸುಲಭವಾಗಿ ಅಂಟುವುದಿಲ್ಲ, ರಂಧ್ರದೊಳಗೂ ಹೋಗುವುದಿಲ್ಲ. ಬರೀ ನೀರಿನಲ್ಲಿ ಹುಳ ಬಹಳ ಹೊತ್ತು ಒದ್ದಾಡುತ್ತಲೇ ಇರುತ್ತದೆ. ಎಣ್ಣೆ ಹರಡಿಕೊಂಡು ರಂಧ್ರಗಳನ್ನು ಮುಚ್ಚುತ್ತದೆ. ಜೊತೆಗೆ ಗೀರಿದ ಚರ್ಮಕ್ಕೆ ಉರಿಯೂ ಆಗುವುದಿಲ್ಲ. ಸ್ಪಿರಿಟ್, ಸೀಮೆಎಣ್ಣೆ, ಸೊಳ್ಳೆ ಸ್ಪ್ರೇ ಇವೆಲ್ಲ ಹುಳವನ್ನು ಕೊಂದರೂ ಕೊಲ್ಲಬಹುದು, ಕಿವಿಯ ಚರ್ಮವನ್ನೂ ಸುಡುತ್ತವೆ. ಅಡುಗೆಮನೆಯಲ್ಲಿ ಇರುವ ಶುದ್ಧ ಎಣ್ಣೆ, ಮಕ್ಕಳ ಮೈಗೆ ಹಚ್ಚುವ ಬೇಬಿ ಆಯಿಲ್, ಇವು ಸಾಕು.

ಹನಿ ಬಿಡಲು ಶುರುಮಾಡಿದ ಕೂಡಲೇ ಶಾಂತಕ್ಕ ಚೀರಿ ಎದ್ದು ಕೂತುಬಿಟ್ಟರು. ಎಣ್ಣೆಯೆಲ್ಲ ಕುತ್ತಿಗೆಗೆ ಇಳಿಯಿತು. ಮೊದಲ ಪ್ರಯತ್ನ ವ್ಯರ್ಥವಾಯಿತು. ಕಾರಣ ಸರಳ. ಎಣ್ಣೆ ಮುಟ್ಟಿದಾಗ ಹುಳ ಸಾಯುವ ಮುನ್ನ ಒಮ್ಮೆ ಜೋರಾಗಿ ಒದ್ದಾಡುತ್ತದೆ. ಇದನ್ನು ಮೊದಲೇ ತಿಳಿಸಿದ್ದರೆ ಜನ ತಡೆದುಕೊಳ್ಳುತ್ತಾರೆ, ತಿಳಿಸದಿದ್ದರೆ ಎಣ್ಣೆಯಿಂದ ಕೆಟ್ಟದಾಯಿತು ಎಂದು ಎದ್ದುಬಿಡುತ್ತಾರೆ. ನಾನು ಫೋನಿನಲ್ಲಿ ಮಗನಿಗೆ ಹೇಳಿದ್ದೆ, ಅವನ ಮೂಲಕ ಅಮ್ಮನಿಗೆ ತಲುಪಿರಲಿಲ್ಲ. ಈ ಸಲ ಫೋನನ್ನೇ ಅವರ ಇನ್ನೊಂದು ಕಿವಿಯ ಹತ್ತಿರ ಇಡಿಸಿದೆ. "ಅಕ್ಕಾ, ಈಗ ಒಂದೆರಡು ನಿಮಿಷ ಜಾಸ್ತಿ ಆಗುತ್ತೆ. ಆಮೇಲೆ ಪೂರ್ತಿ ನಿಲ್ಲುತ್ತೆ. ಅತ್ತೆ ಕೈ ಗಟ್ಟಿ ಹಿಡ್ಕೊಳ್ಳಿ, ತಲೆ ಎತ್ತಬೇಡಿ."

ಅತ್ತೆ ಸೊಸೆಯ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಮಗ ಹನಿ ಬಿಟ್ಟ. ನಾಳ ತುಂಬಿ ಎಣ್ಣೆ ಬಾಯಿಯವರೆಗೆ ಬಂತು. ಒಂದು ಸಣ್ಣ ಗುಳ್ಳೆ ಮೇಲೆ ಬಂದು ಒಡೆಯಿತು. ಆಗ ಎಣ್ಣೆಯ ಮಟ್ಟ ತುಸು ಇಳಿಯಿತು, ಮತ್ತೆ ಎರಡು ಹನಿ ಬಿಟ್ಟ. ಆ ಗುಳ್ಳೆ ಬಂದದ್ದೇ ಒಳ್ಳೆಯ ಸೂಚನೆ. ಒಳಗಿನ ಗಾಳಿ ಹೊರಗೆ ಬಂದು ಎಣ್ಣೆ ಹುಳದವರೆಗೂ ಇಳಿದಿದೆ ಎಂದು ಅರ್ಥ. ಒದ್ದಾಟ ಜೋರಾಯಿತು, ಬಿಟ್ಟು ಬಿಟ್ಟು ಬಂತು, ಆಮೇಲೆ ನಿಂತಿತು. "ನಿಂತ್ಹೋಯ್ತು" ಅಂದರು ಶಾಂತಕ್ಕ, ಆಮೇಲೆ ಅತ್ತುಬಿಟ್ಟರು. ನಿಂತ ಮೇಲೂ ಹತ್ತು ನಿಮಿಷ ಹಾಗೇ ಮಲಗಿರಲು ಹೇಳಿದೆ. ಬೇಗ ಎಣ್ಣೆ ಚೆಲ್ಲಿದರೆ ಕೆಲವು ಹುಳ ಮತ್ತೆ ಚೇತರಿಸಿಕೊಳ್ಳುತ್ತವೆ.

ಅಲ್ಲಿಗೆ ನಿಲ್ಲಿಸಿದ್ದು

ಆಮೇಲೆ ಬಲಗಿವಿ ಕೆಳಗೆ ಬರುವಂತೆ ಮಗ್ಗುಲು ತಿರುಗಿ, ಕಿವಿಗೆ ಹಳೆಯ ಬಟ್ಟೆ ಹಿಡಿದರು. ಎಣ್ಣೆ ಇಳಿಯಿತು, ಅದರ ಜೊತೆ ಒಂದು ತೆಳು ರೆಕ್ಕೆಯ ಚೂರು ಬಂತು. ಹುಳ ಬರಲಿಲ್ಲ. ಮೆತ್ತನೆಯ ಸಣ್ಣ ಹುಳವಾದರೆ ಈ ಹಂತದಲ್ಲಿ ಎಣ್ಣೆಯ ಜೊತೆ ಜಾರಿ ಬರುವುದುಂಟು. ಗಟ್ಟಿ ಚಿಪ್ಪಿನದು ಸಾಮಾನ್ಯವಾಗಿ ಬರುವುದಿಲ್ಲ.

ಈಗ ಎರಡನೇ ತಿರುವು. ನೋವು ಇಳಿದಿದೆ, ಶಾಂತಕ್ಕ ಅಲ್ಲಾಡುವುದಿಲ್ಲ, ಹುಳ ಸತ್ತಿದೆ. ಈಗ ಚಿಮುಟದಿಂದ ಸುಲಭವಾಗಿ ಬರುತ್ತದಲ್ವಾ ಎಂದು ಗಂಡ ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ, ಎಲ್ಲರೂ ಇದನ್ನೇ ಕೇಳುತ್ತಾರೆ. ಆದರೆ ಪಿನ್ನು ತಾಗಿದ ಮೇಲೆ ಹುಳ ಒಳಗೆ, ತಮಟೆಯ ಪಕ್ಕಕ್ಕೆ ಹೋಗಿತ್ತು. ಎಣ್ಣೆಯಲ್ಲಿ ನೆಂದ ಹುಳವನ್ನು ಮನೆಯ ಚಿಮುಟ ಹಿಡಿದರೆ ಜಾರುತ್ತದೆ, ಜಾರಿದ್ದು ಮುಂದಕ್ಕೇ ಹೋಗುತ್ತದೆ. ಹಿಡಿತ ಸಿಕ್ಕರೂ ಕಾಲೋ ತಲೆಯೋ ಕಿತ್ತು ಬಂದು ಉಳಿದದ್ದು ಅಲ್ಲೇ ಇರುತ್ತದೆ. ಸಿರಿಂಜಿನಿಂದ ನೀರು ಹೊಡೆದು ತೊಳೆಯೋಣ ಎಂದು ಮಗ ಅಂದ. ತಮಟೆ ಸರಿಯಿದೆ ಎಂದು ಕಣ್ಣಾರೆ ನೋಡದೆ ಹಾಗೆ ಮಾಡಬಾರದು. ಅಂದು ರಾತ್ರಿ ಪಿನ್ನು ಹೋದ ಕಿವಿ ಅದು. ಒಳಗೆ ಏನಾಗಿದೆಯೆಂದು ಯಾರೂ ನೋಡಿರಲಿಲ್ಲ.

ಅವರು ಒಪ್ಪಿ ನಿಲ್ಲಿಸಿದರು. ನನ್ನ ಮಟ್ಟಿಗೆ ಆ ರಾತ್ರಿಯ ಕಷ್ಟದ ಕೆಲಸ ಇದೇ. ಒಂದು ಪ್ರಯತ್ನ ಫಲ ಕೊಟ್ಟ ಮೇಲೆ ಇನ್ನೊಂದು ಪ್ರಯತ್ನ ಬೇಡ ಎನ್ನುವುದು ಸುಲಭವಲ್ಲ.

ನೋವಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆ ಒಂದು ಕೊಟ್ಟರು. ಶಾಂತಕ್ಕನಿಗೆ ಅದು ಒಗ್ಗದ ಔಷಧಿಯಲ್ಲ ಎಂದು ಕೇಳಿಕೊಂಡೇ ಕೊಟ್ಟದ್ದು. ಕಿವಿಗೆ ಹತ್ತಿ ತುರುಕಬೇಡಿ, ದಿಂಬಿಗೆ ಬಟ್ಟೆ ಹಾಸಿ ಬಲಗಿವಿ ಕೆಳಗೆ ಮಾಡಿ ಮಲಗಲಿ, ಉಳಿದ ಎಣ್ಣೆ ಇಳಿಯುತ್ತದೆ ಎಂದೆ. ಕಿವಿಯಿಂದ ರಕ್ತ ಬಂದರೆ, ಮನೆ ತಿರುಗಿದ ಹಾಗೆ ತಲೆಸುತ್ತು ಬಂದರೆ, ನೋವು ಇಳಿಯುವ ಬದಲು ಏರಿದರೆ, ಮುಖ ಒಂದು ಕಡೆ ಸೊಟ್ಟಗೆ ಕಂಡರೆ ರಾತ್ರಿಯೇ ಕಾರು ಮಾಡಿಕೊಂಡು ಬರಬೇಕು ಎಂದು ಹೇಳಿದೆ. ಕಿವಿ ಮುಚ್ಚಿಕೊಂಡ ಹಾಗೆ ಇರುತ್ತದೆ, ಮಂದವಾಗಿ ಕೇಳುತ್ತದೆ, ಅದಕ್ಕೆ ಹೆದರಬೇಡಿ ಎಂದೂ ಹೇಳಿದೆ. ಹುಳ ಮತ್ತು ಎಣ್ಣೆ ಒಳಗಿದ್ದರೆ ಅದು ಸಹಜ. ಅವರು ರಾತ್ರಿ ನಿದ್ದೆ ಮಾಡಿದರು.

ಆಸ್ಪತ್ರೆಯಲ್ಲಿ

ಬೆಳಿಗ್ಗೆ ಬಸ್ಸಿನಲ್ಲಿ ಬಂದರು. ಇಎನ್‌ಟಿ ಡಾಕ್ಟರು ತಲೆಗೆ ದೀಪ ಕಟ್ಟಿಕೊಂಡು, ಕಿವಿಗೆ ಕೊಳವೆ ಇಟ್ಟು ನೋಡಿದರು. ಮೊದಲು ಸಣ್ಣ ಸಕ್ಷನ್ ನಳಿಕೆಯಿಂದ ಎಣ್ಣೆ ಹೀರಿದರು. ಆಗ ಹುಳ ಕಂಡಿತು. 6 ಮಿಲಿಮೀಟರಿನಷ್ಟು ಉದ್ದದ ಕಂದು ದುಂಬಿ, ತಲೆ ತಮಟೆಯ ಕಡೆಗೆ. ಮೊಸಳೆ ಬಾಯಿಯ ಹಾಗೆ ತುದಿ ಮಾತ್ರ ತೆರೆಯುವ ತೆಳುವಾದ ಇಕ್ಕಳ ಇರುತ್ತದೆ, ಅದರಿಂದ ಹಿಡಿದು ಹೊರಗೆಳೆದರು. ಇಡೀ ಕೆಲಸಕ್ಕೆ ಕೆಲವೇ ನಿಮಿಷ ಸಾಕಾಯಿತು.

ಶಾಂತಕ್ಕ ಎದ್ದೇಳಲು ಹೊರಟರು. ಡಾಕ್ಟರು ಬಿಡಲಿಲ್ಲ. ದುಂಬಿಯನ್ನು ಬಿಳಿ ಗಾಜ್ ಬಟ್ಟೆಯ ಮೇಲೆ ಇಟ್ಟು ಕಾಲು ಎಣಿಸಿದರು. ಐದೇ ಇದ್ದವು. ಮತ್ತೆ ಕಿವಿ ನೋಡಿದಾಗ ತಮಟೆಯ ಕೆಳ ಅಂಚಿನಲ್ಲಿ ಒಂದು ಹಿಂಗಾಲು ಅಂಟಿತ್ತು. ಅದನ್ನೂ ಹೀರಿ ತೆಗೆದರು. ಉಳಿದ ಒಂದು ಕಾಲೂ ಕೆಲವು ದಿನಗಳಲ್ಲಿ ಕೆರೆತ, ಸೋಂಕು, ಕೀವು ತರಬಹುದು. ಮನೆಯಲ್ಲೇ ಹುಳ ಬಂದುಬಿಟ್ಟರೂ ಒಮ್ಮೆ ಕಿವಿ ತೋರಿಸಿ ಅಂತ ನಾವು ಹೇಳುವುದು ಇದಕ್ಕೇ.

ತಮಟೆ ಕೆಂಪಾಗಿತ್ತು, ಹರಿದಿರಲಿಲ್ಲ. ಅದರ ಮೇಲೆ ಹುಳ ಪರಚಿದ ಗುರುತು ಸ್ವಲ್ಪ ಇತ್ತು. ನಾಳದ ಗೋಡೆಯಲ್ಲಿ, ಎಲುಬಿನ ಭಾಗ ಶುರುವಾಗುವಲ್ಲಿ, ಒಂದು ಉದ್ದ ಗೀರು ಕಂಡಿತು, ಅಂಚಿನಲ್ಲಿ ಒಣಗಿದ ರಕ್ತ. ಪಿನ್ನಿನದು. ರಕ್ತ ಹೊರಗೆ ಬರುವಷ್ಟು ಇರಲಿಲ್ಲ, ಹಾಗಾಗಿ ರಾತ್ರಿ ಯಾರಿಗೂ ಕಂಡಿರಲಿಲ್ಲ. ಆ ಪಿನ್ನು ಇನ್ನೂ ಒಂದೂವರೆ ಸೆಂಟಿಮೀಟರ್ ಮುಂದೆ ಹೋಗಿದ್ದರೆ ತಮಟೆ.

ಗೀರಿಗೆ ಕಿವಿಯೊಳಗೆ ಹಾಕುವ ಆಂಟಿಬಯಾಟಿಕ್ ಹನಿ ಒಂದು ವಾರಕ್ಕೆ ಬರೆದುಕೊಟ್ಟರು. ಅಷ್ಟು ದಿನ ಕಿವಿಗೆ ನೀರು ಹೋಗಬಾರದು. ತಲೆಗೆ ನೀರು ಹಾಕಿಕೊಳ್ಳುವಾಗ ವ್ಯಾಸಲಿನ್ ಸವರಿದ ಹತ್ತಿ ಉಂಡೆಯನ್ನು ಕಿವಿಯ ಬಾಯಿಗೆ ಮಾತ್ರ ಇಟ್ಟುಕೊಳ್ಳಬೇಕು, ಆಮೇಲೆ ತೆಗೆಯಬೇಕು. ವಾರ ಬಿಟ್ಟು ಬಂದಾಗ ಗೀರು ಮಾಗಿತ್ತು, ತಮಟೆ ಬಣ್ಣ ಸರಿಹೋಗಿತ್ತು, ಎರಡೂ ಕಿವಿ ಸಮನಾಗಿ ಕೇಳುತ್ತಿತ್ತು.

ಇದೇ ಕ್ರಮ ಎಲ್ಲಿ ನಡೆಯುವುದಿಲ್ಲ

ಈ ಪ್ರಕರಣವನ್ನು ನಮ್ಮ ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಹೇಳಿದಾಗ ಬಂದ ಮೊದಲ ಪ್ರಶ್ನೆ ಉಣ್ಣೆಯ ಬಗ್ಗೆ. ಮಲೆನಾಡಿನಲ್ಲಿ ಇದನ್ನು ಕೇಳಲೇಬೇಕು. ಉಣ್ಣೆ ಹಾರಿ ಬಂದು ಒದ್ದಾಡುವ ಹುಳವಲ್ಲ. ಅದು ಸದ್ದಿಲ್ಲದೆ ಹೊಕ್ಕು, ನಾಳದ ಚರ್ಮಕ್ಕೋ ತಮಟೆಗೋ ಬಾಯಿ ನೆಟ್ಟು ಕಚ್ಚಿ ಕೂರುತ್ತದೆ. ಗುಂಯ್ ಸದ್ದು ಇರುವುದಿಲ್ಲ, ಒಂದೇ ಕಡೆ ಕೊರೆಯುವ ನೋವು ಇರುತ್ತದೆ. ಎಣ್ಣೆ ಹಾಕಿದರೆ ಅದು ಬಿಡುತ್ತದೆ ಎನ್ನುವ ಖಾತ್ರಿ ಇಲ್ಲ. ಮನೆಯಲ್ಲಿ ಎಳೆದರೆ ಬಾಯಿ ಮುರಿದು ಒಳಗೇ ಉಳಿಯಬಹುದು. ಅದನ್ನು ಇಎನ್‌ಟಿ ಡಾಕ್ಟರೇ ತೆಗೆಯಬೇಕು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ. ಕಾಡಿಗೆ ಹೋಗಿ ಬಂದವರ ಕಿವಿಯಲ್ಲಿ ಉಣ್ಣೆ ಸಿಕ್ಕರೆ ಅದನ್ನು ಡಾಕ್ಟರಿಗೆ ಹೇಳಬೇಕು, ಆಮೇಲೆ ಜ್ವರ ಬಂದರೆ ತಡಮಾಡದೆ ತೋರಿಸಬೇಕು.

ಎರಡನೆಯದು, ಹುಳ ಆಗಲೇ ಸತ್ತಿದ್ದರೆ. ಒಂದು ದಿನದ ಹಿಂದೆ ಹೊಕ್ಕಿತ್ತು, ಈಗ ಆಡುತ್ತಿಲ್ಲ ಎಂದರೆ ಎಣ್ಣೆಯ ಕೆಲಸವೇ ಇಲ್ಲ. ಸುಮ್ನೆ ಆಸ್ಪತ್ರೆಗೆ ಬರುವುದು. ಜೇನು, ಕಣಜ ಹೊಕ್ಕು ಕುಟುಕಿದ್ದರೆ ಕಿವಿಗಿಂತ ಮೊದಲು ಉಸಿರು ನೋಡಬೇಕು. ತುಟಿ, ಗಂಟಲು ಊದುವುದು, ಮೈಯೆಲ್ಲ ದದ್ದು, ಉಬ್ಬಸ ಕಂಡರೆ 108ಕ್ಕೆ ಕರೆ ಮಾಡಿ, ಕಿವಿಯ ಮಾತು ಆಮೇಲೆ.

ಮೂರನೆಯದು ಮಕ್ಕಳು. ಶಾಂತಕ್ಕ ಅತ್ತೆಯ ಕೈ ಹಿಡಿದು ಎರಡು ನಿಮಿಷ ತಡೆದುಕೊಂಡರು. ಮೂರು ವರ್ಷದ ಮಗು ಹಾಗೆ ತಡೆದುಕೊಳ್ಳುವುದಿಲ್ಲ, ಕಿವಿ ಮುಂಚೆ ಸೋರಿತ್ತೋ ಇಲ್ಲವೋ ಹೇಳುವುದೂ ಇಲ್ಲ. ಮಗುವಿನ ಕಿವಿ ಆರೋಗ್ಯವಾಗಿದೆ ಎಂದು ತಾಯಿಗೆ ಖಾತ್ರಿ ಇದ್ದು, ಹುಳ ಜೀವಂತ ಒದ್ದಾಡುತ್ತಿದ್ದು, ಮಗು ತೊಡೆಯ ಮೇಲೆ ಮಲಗಲು ಒಪ್ಪಿದರೆ ಬೆಚ್ಚಗಿನ ಎಣ್ಣೆಯ ಕೆಲವು ಹನಿ ಹಾಕಬಹುದು. ಆಗ ಹಾಲೆಯನ್ನು ಮೇಲಕ್ಕಲ್ಲ, ಕೆಳಕ್ಕೂ ಹಿಂದಕ್ಕೂ ಎಳೆಯಬೇಕು, ಚಿಕ್ಕ ಮಕ್ಕಳ ನಾಳದ ಡೊಂಕು ಬೇರೆ. ನಾಲ್ಕು ಜನ ಹಿಡಿದು ಬಲವಂತ ಮಾಡುವುದಾದರೆ ಬೇಡ. ಮೊದಲ ಸಲ ಹೆದರಿದ ಮಗು ಆಸ್ಪತ್ರೆಯಲ್ಲಿ ಕಿವಿ ಮುಟ್ಟಲೂ ಬಿಡುವುದಿಲ್ಲ. ಆಗ ಎರಡು ನಿಮಿಷದ ಕೆಲಸಕ್ಕೆ ಅರಿವಳಿಕೆ ಕೊಡಬೇಕಾಗಿ ಬರುತ್ತದೆ. ಅಂಥ ಮಗುವನ್ನು ಏನೂ ಹಾಕದೆ, ಎತ್ತಿಕೊಂಡು, ನೇರ ಇಎನ್‌ಟಿ ಡಾಕ್ಟರ ಹತ್ತಿರ ತನ್ನಿ.